ಹಾಸು, ಹೊಕ್ಕು ಮತ್ತು ಪರದೆಯ ಮೇಲೆ ಮಾಸಿದ ಬಣ್ಣ

ಕಾಸರಗೋಡು ಸೀರೆ ನೇಯುವ ಪರಿಚಯದವರಿಗಾಗಿ ಒಂದು ಪ್ರೋಗ್ರಾಂ ಬರೆದಿದ್ದೆ. ಹಾಸಿನ ಉದ್ದ ನೂಲು, ಹೊಕ್ಕಿನ ಅಡ್ಡ ನೂಲು ಇವುಗಳ ಬಣ್ಣ ಕೊಟ್ಟರೆ ಬಟ್ಟೆ ದೂರದಿಂದ ಹೇಗೆ ಕಾಣುತ್ತದೆಂದು ತೋರಿಸಬೇಕು, ಅಷ್ಟೇ. ಎರಡರ ಕೆಂಪು, ಹಸಿರು, ನೀಲಿ ಅಂಕಿಗಳನ್ನು ಕೂಡಿಸಿ ಎರಡರಿಂದ ಭಾಗಿಸಿದೆ. ಹಾಸು ಹಾಲಿನಂಥ ಬಿಳಿ (240, 240, 240), ಹೊಕ್ಕು ಮರೂನ್ (110, 15, 30). ಬಂದದ್ದು 175, 127, 135. ಮಗ್ಗದ ಅಜ್ಜ ಪರದೆ ನೋಡಿ, "ಎಂತ ಮಾರಾಯ, ನೇಯುವ ಮೊದಲೇ ಮಾಸಿ ಹೋಯ್ತಾ?" ಎಂದರು. ಕೈಯಲ್ಲಿದ್ದ ತುಂಡು ನಿಜಕ್ಕೂ ಇನ್ನೂ ತಿಳಿಯಾಗಿತ್ತು.

ಗೆಳೆಯರು ಮಾನಿಟರ್ ಸರಿಯಿಲ್ಲ ಎಂದರು. ನಾನೂ ನಂಬಿ, ಉತ್ತರವನ್ನು 1.2ರಿಂದ ಗುಣಿಸಿದೆ. ಒಡಲು ಸರಿಹೋದಂತೆ ಕಂಡಿತು, ಆದರೆ ಒಂದೇ ಬಣ್ಣದ ಅಂಚು ಬಿಳಿಚಿಕೊಂಡಿತು. ಆ ರೂಪದಲ್ಲೇ ಮುದ್ರಿಸಿದ ಮಾದರಿ ಹಾಳೆಗಳಿಗೆ ಮೂರು ಸಾವಿರದಷ್ಟು ಖರ್ಚಾಯಿತು, ಎಲ್ಲ ರದ್ದಿಗೆ.

ತಪ್ಪು ಮಾನಿಟರಿನದಲ್ಲ. ಫೈಲಿನ ಅಂಕಿ ಬೆಳಕಿನ ಅಳತೆಯಲ್ಲ, sRGB ವಕ್ರರೇಖೆಯಲ್ಲಿ ಬರೆದ ಸಂಕೇತ. 128 ಎಂದರೆ ಪರದೆ ಕೊಡುವುದು ಪೂರ್ಣ ಬೆಳಕಿನ ಸುಮಾರು 22 ಶೇಕಡಾ ಮಾತ್ರ. ಆದರೆ ದೂರದಿಂದ ನೋಡುವ ಕಣ್ಣಿನಲ್ಲಿ ಎರಡು ನೂಲುಗಳ ಬೆಳಕೇ ಬೆರೆಯುತ್ತದೆ, ಸಂಕೇತಗಳಲ್ಲ. ಆದ್ದರಿಂದ ಮೊದಲು ಬೆಳಕಿಗೆ ಬಿಡಿಸಿ, ಸರಾಸರಿ ತೆಗೆದು, ಮತ್ತೆ ಸಂಕೇತಕ್ಕೆ ತಿರುಗಿಸಬೇಕು:

```python
def lin(v):
    v /= 255
    return v/12.92 if v <= 0.04045 else ((v+0.055)/1.055)**2.4

def enc(x):
    y = 12.92*x if x <= 0.0031308 else 1.055*x**(1/2.4)-0.055
    return round(255*y)

def mix(a, b):
    return enc((lin(a) + lin(b)) / 2)
```

ಈಗ ಅದೇ ಜೋಡಿಗೆ 190, 177, 177 ಬಂತು. ಹಸಿರು, ನೀಲಿಗಳಲ್ಲಿ ಐವತ್ತು, ನಲವತ್ತರಷ್ಟು ಏರಿದ್ದು ನೋಡಿ: ಬರೀ ಕಪ್ಪಾಗುವುದಲ್ಲ, ಬಣ್ಣವೇ ಬೇರೆ ಕಡೆ ವಾಲಿತ್ತು. 1.2ರ ಗುಣಾಕಾರ ಸೋತದ್ದೂ ಅದಕ್ಕೇ.

ಇಲ್ಲೂ ಒಮ್ಮೆ ಎಡವಿದೆ. ಬಿಡಿಸಿದ ಬೆಳಕನ್ನು ನಡುವೆ 8 ಬಿಟ್‌ನಲ್ಲಿ ಇಟ್ಟೆ. 15ರ ಬೆಳಕು ಸೊನ್ನೆ-ಒಂದರ ನಡುವಿನ ಪ್ರಮಾಣದಲ್ಲಿ ಸುಮಾರು 0.005, ಅಂದರೆ 255ರ ಲೆಕ್ಕದಲ್ಲಿ 1. ಕಡು ಬಣ್ಣಗಳೆಲ್ಲ ಒಂದೇ ಮೆಟ್ಟಿಲಿಗೆ ಬಂದು ಅಂಚಿನಲ್ಲಿ ಪಟ್ಟೆ ಎದ್ದವು. ಫ್ಲೋಟ್‌ನಲ್ಲಿಟ್ಟ ಮೇಲೆ ಹೋಯಿತು.

ನಂಬದ ಗೆಳೆಯರಿಗೆ ಒಂದೊಂದು ಪಿಕ್ಸೆಲಿನ ಕಪ್ಪು-ಬಿಳಿ ಚೌಕಗಳನ್ನು ತೋರಿಸಿದೆ. ಪಕ್ಕದಲ್ಲಿ 128 ಮತ್ತು 188ರ ಬೂದು. ಜೂಮ್ 100 ಶೇಕಡಾ ಇಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದರೆ ಚೌಕಗಳು 188ರಲ್ಲಿ ಕರಗುತ್ತವೆ. ಮಾತು ಅಲ್ಲಿಗೇ ನಿಂತಿತು.

ಅರ್ಧ-ಅರ್ಧದ ಲೆಕ್ಕ ಎರಡೂ ನೂಲು ಸಮ ಜಾಗ ತುಂಬಿದಾಗ ಮಾತ್ರ. ದಪ್ಪ ಬೇರೆಯಾದರೆ ಅದಕ್ಕೆ ತಕ್ಕ ಪಾಲು ಕೊಡಬೇಕು. ಆ ಪಾಲನ್ನು ಫೋಟೋದಿಂದ ಅಳೆಯುವ ಉಪಾಯ ನನ್ನಲ್ಲೇ ಇರಲಿ. ಅಜ್ಜ ಈಗ ನೂಲು ಬಣ್ಣಕ್ಕೆ ಕಳಿಸುವ ಮೊದಲು ನನ್ನ ಪರದೆ ನೋಡುತ್ತಾರೆ.