5.61ರಿಂದ ನಿಂತ ಎಂಎಸಿಪಿ: ಎಪಿಎಆರ್ ಅಂಕದ ವಿರುದ್ಧ ಮನವಿ ಬರೆದ ನನ್ನ ಅನುಭವ

ಮೈಸೂರಿನಲ್ಲಿರುವ ಕೇಂದ್ರ ಸರ್ಕಾರದ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ನಾನು ಲೆವೆಲ್ 4ರ ನೌಕರ. 2022-23ರ ಎಪಿಎಆರ್‌ನಲ್ಲಿ ಅಂದರೆ ಮೇಲಧಿಕಾರಿ ಬರೆಯುವ ವಾರ್ಷಿಕ ಕಾರ್ಯ ಮೌಲ್ಯಮಾಪನ ವರದಿಯಲ್ಲಿ, ನನಗೆ ಹತ್ತಕ್ಕೆ ಬಂದದ್ದು 5.61. ಹಿಂದಿನ ನಾಲ್ಕು ವರ್ಷ 7ಕ್ಕಿಂತ ಕೆಳಗೆ ಇಳಿದಿರಲಿಲ್ಲ. 2014ರ ಫೆಬ್ರವರಿಯಲ್ಲಿ ಸೇರಿದವನಾದ್ದರಿಂದ ಬಡ್ತಿಯಿಲ್ಲದೆ ಹತ್ತು ವರ್ಷ ಕಳೆದವರಿಗೆ ಮೇಲಿನ ವೇತನ ಲೆವೆಲ್ ಕೊಡುವ ಮೊದಲ ಎಂಎಸಿಪಿ 2024ರ ಫೆಬ್ರವರಿಗೆ ಬರಬೇಕಿತ್ತು.

5.61 ಎಂದರೆ ಬೈಗುಳವಲ್ಲ, ಹಾಳೆಯ ಮೇಲೆ ಅದು ‘ಗುಡ್’. 4ರಿಂದ 6ರೊಳಗೆ ಗುಡ್, 6ರಿಂದ 8ರೊಳಗೆ ವೆರಿ ಗುಡ್, 8ರಿಂದ ಮೇಲೆ ಔಟ್‌ಸ್ಟ್ಯಾಂಡಿಂಗ್. ಆದರೆ ಏಳನೇ ವೇತನ ಆಯೋಗದ ನಂತರ, 2016ರಲ್ಲಿ, ಎಂಎಸಿಪಿಯ ಬೆಂಚ್‌ಮಾರ್ಕ್ ‘ವೆರಿ ಗುಡ್’ ಆಯಿತು. ಅಂದಿನಿಂದ ‘ಗುಡ್’ ಎಂಬ ಹೊಗಳಿಕೆಯೇ ಬಡ್ತಿಗೆ ಅಡ್ಡ. ಐದು ವರ್ಷದಲ್ಲಿ ಒಂದು ಕೆಳಗಿದ್ದರೂ ನಮ್ಮಲ್ಲಿ ಸ್ಕ್ರೀನಿಂಗ್ ಕಮಿಟಿ ಫೈಲನ್ನು ಪಕ್ಕಕ್ಕಿಡುತ್ತಿತ್ತು. ಸುಪ್ರೀಂ ಕೋರ್ಟಿನ 2008ರ ದೇವ್ ದತ್ ಪ್ರಕರಣವೂ ಇಂಥದ್ದೇ: ಐದು ವರ್ಷದಲ್ಲಿ 1993-94ರ ಒಂದು ‘ಗುಡ್’ ಆ ಎಂಜಿನಿಯರ್‌ಗೆ ಬಡ್ತಿ ತಪ್ಪಿಸಿತ್ತು, ಅದನ್ನು ಅವರಿಗೆ ತಿಳಿಸಿಯೂ ಇರಲಿಲ್ಲ. ಬೆಂಚ್‌ಮಾರ್ಕಿಗಿಂತ ಕೆಳಗಿನ ‘ಗುಡ್’ ಪರಿಣಾಮದಲ್ಲಿ ಪ್ರತಿಕೂಲವೇ, ಆದ್ದರಿಂದ ಪ್ರತಿಯೊಂದು ನಮೂದನ್ನೂ ನೌಕರನಿಗೆ ತಿಳಿಸಬೇಕು ಎಂದು ಕೋರ್ಟು ಹೇಳಿತು. 2013ರಲ್ಲಿ ಸುಖದೇವ್ ಸಿಂಗ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಗಟ್ಟಿ ಮಾಡಿತು. ಇದನ್ನು ಮನವಿಯಲ್ಲಿ ಒಂದೇ ಸಾಲಿನಲ್ಲಿ ಬರೆದರೆ ಸಾಕು. ಓದುವ ಅಧಿಕಾರಿಗೆ ಇದು ಗೊತ್ತಿರುತ್ತದೆ, ಗೊತ್ತಿಲ್ಲದಿರುವುದು ನಿಮ್ಮ ಕೆಲಸದ ವಿವರ.

ಮೊದಲು ಮಾಡಬೇಕಾದ್ದು ದಿನ ಎಣಿಸುವುದು. ಕೇಂದ್ರದ ಸಿಬ್ಬಂದಿ ಇಲಾಖೆಯಾದ ಡಿಒಪಿಟಿಯ 2009ರ ಮೇ 14ರ ಆದೇಶದಂತೆ ವರದಿ ಕೈಗೆ ಬಂದ ದಿನದಿಂದ 15 ದಿನದೊಳಗೆ ಮನವಿ ಕೊಡಬೇಕು. ನನಗೆ ಪ್ರತಿ ಕೊಟ್ಟದ್ದು 2023ರ ಸೆಪ್ಟೆಂಬರ್ 4ಕ್ಕೆ. ಸೆಪ್ಟೆಂಬರ್ ಎಂದರೆ ಗೌರಿ-ಗಣೇಶ. ಭಾನುವಾರ, ಹಬ್ಬ, ಅದರ ಹಿಂದೆಮುಂದೆ ಒಂದು ರಜೆ ಎಂದು ಸುಲಭವಾಗಿ ನಾಲ್ಕು ದಿನ ಹೋಗುತ್ತದೆ. ಪ್ರತಿ ಪಡೆಯುವಾಗ ಸಹಿಯ ಕೆಳಗೆ ನಿಮ್ಮ ಕೈಯಿಂದಲೇ ತಾರೀಖು ಬರೆಯಿರಿ. ಗುಮಾಸ್ತರು ನಂತರ ತಾವು ಕಳಿಸಿದ ದಿನವನ್ನು ಹಾಕಿಕೊಂಡರೆ ನಿಮ್ಮ ಎರಡು ಮೂರು ದಿನ ಅಲ್ಲೇ ಕರಗುತ್ತದೆ. ಎಪಿಎಆರ್ ಬರೆಯುವ ಆನ್‌ಲೈನ್ ವ್ಯವಸ್ಥೆ ಸ್ಪ್ಯಾರೋದಲ್ಲಿ ಬರುವ ವರದಿಯಾದರೆ ಈ ತೊಂದರೆ ಇಲ್ಲ, ದಿನಾಂಕ ತಾನೇ ದಾಖಲಾಗುತ್ತದೆ. ನಮ್ಮದು ಇನ್ನೂ ಕಾಗದ.

ಆಮೇಲೆ ಲೆಕ್ಕ ಹಾಕಬೇಕು. ಒಟ್ಟು ಅಂಕದ ಮೇಲೆ ಸಿಟ್ಟು ಮಾಡಿಕೊಂಡು ಪ್ರಯೋಜನವಿಲ್ಲ, ಅದು ಎಲ್ಲಿ ಕುಸಿದಿದೆ ಎಂದು ನೋಡಬೇಕು. ಕೆಲಸದ ಫಲಿತಾಂಶಕ್ಕೆ ಶೇ. 40, ವೈಯಕ್ತಿಕ ಗುಣಗಳಿಗೆ ಶೇ. 30, ಕಾರ್ಯ ಸಾಮರ್ಥ್ಯಕ್ಕೆ ಶೇ. 30 ತೂಕ. ನನಗೆ ಕ್ರಮವಾಗಿ 6.0, 5.2, 5.5 ಬಂದಿತ್ತು. ಅಂದರೆ 2.40, 1.56, 1.65, ಕೂಡಿದರೆ 5.61. ಕೆಲಸದ ಫಲಿತಾಂಶವೊಂದನ್ನು 7ಕ್ಕೆ ಏರಿಸಿದರೆ 2.80 ಆಗಿ ಒಟ್ಟು 6.01, ಗೆರೆ ದಾಟುತ್ತದೆ. ನಾಯಕತ್ವ, ಮನೋಭಾವ, ಶಿಸ್ತು ಇವುಗಳ ಅಂಕವನ್ನು ದಾಖಲೆಯಿಂದ ಅಲ್ಲಾಡಿಸುವುದು ಬಹಳ ಕಷ್ಟ. ಎಣಿಸಬಹುದಾದದ್ದು ಕೆಲಸವೊಂದೇ, ತೂಕ ಹೆಚ್ಚಿರುವುದೂ ಅದಕ್ಕೇ. ಹಾಗಾಗಿ ಸಾಕ್ಷ್ಯದ ಹೆಚ್ಚಿನ ಪಾಲನ್ನು ನಾನು ಆ ಒಂದು ಕಾಲಮ್ಮಿಗೇ ಮೀಸಲಿಟ್ಟೆ.

ಆದರೆ ಎಲ್ಲಕ್ಕಿಂತ ಗಟ್ಟಿಯಾದ ಸಾಕ್ಷ್ಯ ಸಿಕ್ಕಿದ್ದು ಕೆಲಸದ ಲೆಕ್ಕದಲ್ಲಿ ಅಲ್ಲ, ಕ್ಯಾಲೆಂಡರಿನಲ್ಲಿ. ನನ್ನ ಹಳೆಯ ರಿಪೋರ್ಟಿಂಗ್ ಅಧಿಕಾರಿ 2022ರ ಡಿಸೆಂಬರ್ 20ಕ್ಕೆ ಬೆಂಗಳೂರಿಗೆ ವರ್ಗವಾಗಿದ್ದರು. ಹೊಸಬರು ಅಧಿಕಾರ ವಹಿಸಿಕೊಂಡದ್ದು 2023ರ ಜನವರಿ 16ಕ್ಕೆ. ಅಲ್ಲಿಂದ ಮಾರ್ಚ್ 31ರವರೆಗೆ 16, 28, 31. ಒಟ್ಟು 75 ದಿನ. ಕನಿಷ್ಠ ಮೂರು ತಿಂಗಳು ಕೆಲಸ ನೋಡದ ಅಧಿಕಾರಿ ವರದಿ ಬರೆಯುವಂತಿಲ್ಲ. ಆದರೂ ಅವರು ಇಡೀ ವರ್ಷಕ್ಕೆ ಬರೆದಿದ್ದರು. ಇದಕ್ಕೆ ಬೇಕಾದದ್ದು ಎರಡೇ ಹಾಳೆ: ಹಳಬರ ಬಿಡುಗಡೆ ಆದೇಶ, ಹೊಸಬರ ಚಾರ್ಜ್ ರಿಪೋರ್ಟು. ಇಲ್ಲಿ ಯಾರ ಅಭಿಪ್ರಾಯವೂ ಬೇಡ, ಯಾರ ಮೇಲೂ ಆರೋಪ ಬೇಡ. ಎಪಿಎಆರ್ ಕೈಗೆ ಬಂದ ತಕ್ಷಣ ರಿಪೋರ್ಟಿಂಗ್ ಅಧಿಕಾರಿಯ ಸಹಿಯ ಪಕ್ಕ ‘ಎಂದಿನಿಂದ ಎಂದಿನವರೆಗೆ’ ಎಂದು ಬರೆದ ಜಾಗ ನೋಡಿ. ಬಹಳ ಜನ ಅಂಕ ನೋಡಿ ಅಲ್ಲೇ ನಿಂತುಬಿಡುತ್ತಾರೆ.

ಈ ವಾದದಲ್ಲಿ ನನ್ನ ಕಡೆಯದೊಂದು ತೂತೂ ಇತ್ತು. ಅಧಿಕಾರಿ ವರ್ಗವಾಗುವಾಗ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ ಸ್ವಯಂ ಮೌಲ್ಯಮಾಪನ ಬರೆದು ಕೊಟ್ಟು, ಅವರಿಂದ ಆ ಅವಧಿಯ ವರದಿ ಬರೆಸಿಕೊಳ್ಳಬೇಕಿತ್ತು. ನಾನು ಕೊಟ್ಟಿರಲಿಲ್ಲ. ‘ಹಾಗಾದರೆ ಉಳಿದ ಎಂಟೂವರೆ ತಿಂಗಳಿಗೆ ಏನು?’ ಎಂಬ ಪ್ರಶ್ನೆ ಬರುವುದು ಖಚಿತವಾದ್ದರಿಂದ, ನಾನೇ ಮೊದಲೇ ಅದನ್ನು ಬರೆದು, ಕೆಲಸದ ಲೆಕ್ಕ ಮುಂದಿಟ್ಟೆ.

ಹೊಸ ಅಧಿಕಾರಿ ಬರೆದ ಷರಾ ಹೀಗಿತ್ತು: ಬಿಲ್ಲು ವಿಲೇವಾರಿಯಲ್ಲಿ ವಿಳಂಬ. ನನ್ನ ಟೇಬಲ್ಲಿಗೆ ಆ ವರ್ಷ 412 ವೈದ್ಯಕೀಯ ಮರುಪಾವತಿ ಬಿಲ್ಲು ಬಂದಿದ್ದವು, 401 ಮುಗಿದಿದ್ದವು. ಉಳಿದ 11 ಮಾರ್ಚಿನಲ್ಲಿ ಬಂದವು. ಆಗ ಆ ಲೆಕ್ಕ ಶೀರ್ಷಿಕೆಯಲ್ಲಿ ದುಡ್ಡೇ ಮುಗಿದಿತ್ತು. ಹೆಚ್ಚುವರಿ ಅನುದಾನ ಕೇಳಿ ಮಾರ್ಚ್ 6ಕ್ಕೆ ನಾನೇ ಕರಡು ಹಾಕಿ, ಹೊಸ ಅಧಿಕಾರಿಯೇ ಸಹಿ ಮಾಡಿ ಕಳಿಸಿದ ಪತ್ರವೊಂದಿತ್ತು. ‘ವಿಳಂಬ’ ಎಂದವರ ಸಹಿಯೇ ವಿಳಂಬದ ಕಾರಣ ಹೇಳುತ್ತಿತ್ತು. ಇಂಥ ಕಾಗದ ಒಂದಿದ್ದರೆ ಹತ್ತು ಪ್ರಶಂಸಾಪತ್ರಕ್ಕೆ ಸಮ.

ಸಾಕ್ಷ್ಯಕ್ಕೆ ಬೆಲೆ ಬರುವುದು ಅದು ಆ ವರ್ಷದೊಳಗೇ ಹುಟ್ಟಿದ್ದರೆ, ತಾರೀಖು ಇದ್ದರೆ, ಸಾಧ್ಯವಾದರೆ ವರದಿ ಬರೆದವರ ಕೈಯೇ ಅದರಲ್ಲಿ ಇದ್ದರೆ. ವರದಿಯೊಳಗಿನ ವಿರೋಧವೂ ಇದೇ ಜಾತಿಯದ್ದು. ನನ್ನದರಲ್ಲಿ ‘ಸ್ವಯಂ ಮೌಲ್ಯಮಾಪನಕ್ಕೆ ಒಪ್ಪಿಗೆ ಇದೆಯೇ’ ಎಂಬ ಕಾಲಮ್ಮಿಗೆ ‘ಹೌದು’ ಎಂದು ಬರೆದಿತ್ತು. ವರ್ಷದ ಕೊನೆಗೆ ನಾನು ಕೊಟ್ಟ ಸ್ವಯಂ ಮೌಲ್ಯಮಾಪನದಲ್ಲಿ 412 ಮತ್ತು 401 ಎರಡೂ ಇದ್ದವು. ಅದನ್ನು ಒಪ್ಪಿದ ಮೇಲೆ ವಿಳಂಬ ಎನ್ನುವುದು ಹೇಗೆ?

ವರ್ಷವಿಡೀ ಒಂದು ಮೆಮೊ, ಒಂದು ಲಿಖಿತ ಎಚ್ಚರಿಕೆಯೂ ಬಂದಿಲ್ಲ ಎಂಬುದಕ್ಕೆ ಆರ್‌ಟಿಐ ಹಾಕಿದೆ, ಶುಲ್ಕ 10 ರೂಪಾಯಿ. ‘ನನಗೆ ಏಕೆ ಕಡಿಮೆ ಅಂಕ ಕೊಟ್ಟಿರಿ’ ಎಂದು ಕೇಳಿದರೆ ಉತ್ತರ ಬರುವುದಿಲ್ಲ, ಏಕೆಂದರೆ ಅದು ದಾಖಲೆಯಲ್ಲ. ‘ಇಂಥ ದಿನದಿಂದ ಇಂಥ ದಿನದವರೆಗೆ ನನಗೆ ನೀಡಿದ ಮೆಮೊಗಳ ಪ್ರತಿ ಕೊಡಿ’ ಎಂದು ಕೇಳಬೇಕು. ‘ಯಾವುದೂ ಇಲ್ಲ’ ಎಂಬ ಉತ್ತರವೇ ನಿಮ್ಮ ಸಾಕ್ಷ್ಯ. ತೊಡಕೆಂದರೆ ಆರ್‌ಟಿಐ ಉತ್ತರಕ್ಕೆ 30 ದಿನ, ಮನವಿಗೆ 15 ದಿನ. ಉತ್ತರ ಕಾದು ಮನವಿ ತಡ ಮಾಡಬೇಡಿ. ಅರ್ಜಿ ಹಾಕಿದ್ದೇನೆ, ಉತ್ತರವನ್ನು ಪೂರಕವಾಗಿ ಸಲ್ಲಿಸುತ್ತೇನೆ ಎಂದು ಮನವಿಯಲ್ಲೇ ಬರೆದು ಮುಂದೆ ಹೋಗಿ.

ರಿಜಿಸ್ಟರಿನ ಪುಟಗಳನ್ನು ಮೊಬೈಲಿನಲ್ಲಿ ಫೋಟೊ ಹೊಡೆದು ಲಗತ್ತಿಸುವ ಆಸೆ ಎಲ್ಲರಿಗೂ ಬರುತ್ತದೆ. ಅದರಲ್ಲಿ ಇನ್ನೊಬ್ಬರ ಕಾಯಿಲೆ, ಆಸ್ಪತ್ರೆ, ಮೊತ್ತ ಇರುತ್ತವೆ. ಅನುಮತಿಯಿಲ್ಲದೆ ತೆಗೆದದ್ದು ಎಂದು ನಿಮ್ಮ ಮೇಲೆಯೇ ತಿರುಗಬಹುದು. ನಾನು ತಿಂಗಳುವಾರು ಎಣಿಕೆಯ ಒಂದು ಹಾಳೆ ಮಾಡಿ, ಪ್ರತಿ ತಿಂಗಳ ಎದುರಿಗೆ ರಿಜಿಸ್ಟರಿನ ಪುಟಸಂಖ್ಯೆ ಬರೆದು, ‘ಮೂಲವನ್ನು ತರಿಸಿ ತಾಳೆ ನೋಡಬೇಕಾಗಿ ವಿನಂತಿ’ ಎಂದೆ. ಅಷ್ಟೇ ಸಾಕಾಯಿತು.

ಬಿಟ್ಟದ್ದೂ ಹೇಳುತ್ತೇನೆ. ಸಹೋದ್ಯೋಗಿಗಳು ಬರೆದುಕೊಡುತ್ತೇವೆ ಎಂದ ಒಳ್ಳೆಯ ಮಾತು ಬಿಟ್ಟೆ. ‘ಅವನಿಗೆ 8, ನನಗೆ 5 ಏಕೆ’ ಎಂಬ ಹೋಲಿಕೆ ಬಿಟ್ಟೆ, ಅದು ವಾದವನ್ನು ಹಗೆತನವಾಗಿಸುತ್ತದೆ. ಹಿಂದಿನ ವರ್ಷಗಳ ಅಂಕವನ್ನು ಒಂದೇ ಸಾಲಿನಲ್ಲಿ ಮುಗಿಸಿದೆ, ಏಕೆಂದರೆ ಪ್ರತಿ ವರ್ಷವೂ ಬೇರೆ ಬೇರೆ ಅಳೆಯುವಂಥದ್ದು. ಅಧಿಕಾರಿಗೆ ನನ್ನ ಮೇಲೆ ದ್ವೇಷ ಎಂಬ ಮಾತನ್ನು ಪೂರ್ತಿ ಬಿಟ್ಟೆ. ದ್ವೇಷ ಎಂದರೆ ಅದನ್ನು ಸಾಬೀತು ಮಾಡುವ ಹೊರೆ ನನ್ನ ಮೇಲೆ. 75 ದಿನ ಎಂದರೆ ಲೆಕ್ಕ ಹೇಳುವ ಹೊರೆ ಅವರ ಮೇಲೆ. ನಮ್ಮ ಸೆಕ್ಷನ್ನಿನ ಹಿರಿಯರೊಬ್ಬರು ಕರಡು ಓದಿ, ‘ಇದರಲ್ಲಿ ನಿನ್ನ ಸಂಕಟ ಇರುವ ಸಾಲೆಲ್ಲ ಹೊಡೆದುಹಾಕಪ್ಪ, ಸಂಕಟಕ್ಕೆ ಆದೇಶ ಬರೆಯೋಕೆ ಅವರಿಗೆ ಬರಲ್ಲ’ ಎಂದರು. ಮೂರು ಪುಟ ಎರಡಾಯಿತು.

ಮನವಿಯ ಕೊನೆಯ ಕೋರಿಕೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಬರೆಯಬೇಕು. ‘ನ್ಯಾಯ ಒದಗಿಸಿ’ ಎಂದರೆ ಅಧಿಕಾರಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ. ನಾನು ಬರೆದದ್ದು: ಮೂರು ತಿಂಗಳ ಮೇಲ್ವಿಚಾರಣೆ ಇಲ್ಲದ ವರದಿಯನ್ನು ಅಸಿಂಧುವೆಂದು ಪರಿಗಣಿಸಬೇಕು, ಅದು ಆಗದಿದ್ದರೆ ಲಗತ್ತಿಸಿದ ಲೆಕ್ಕ ನೋಡಿ ಕೆಲಸದ ಫಲಿತಾಂಶದ ಅಂಕವನ್ನು ಪರಿಷ್ಕರಿಸಬೇಕು, ಎರಡರಲ್ಲಿ ಯಾವುದಾದರೂ ಆದೇಶ ಕಾರಣಸಹಿತವಾಗಿರಬೇಕು. ಸೆಪ್ಟೆಂಬರ್ 15ಕ್ಕೆ ಕೊಟ್ಟು, ನನ್ನ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ, ಡೈರಿ ಸಂಖ್ಯೆ ಹಾಕಿಸಿಕೊಂಡೆ. ಮುದ್ರೆಯಿಲ್ಲದ ಪ್ರತಿ ಮುಂದೆ ಎಲ್ಲಿಯೂ ನಡೆಯುವುದಿಲ್ಲ.

ತೀರ್ಮಾನಕ್ಕೆ 30 ದಿನ ಎಂದು ನಿಯಮ. ನನಗೆ ಬಂದದ್ದು ನವೆಂಬರ್ 28ಕ್ಕೆ. ಮೊದಲ ಕೋರಿಕೆಯನ್ನೇ ಒಪ್ಪಿ ವರದಿಯನ್ನು ಅಸಿಂಧು ಎಂದರು, ಬಿಲ್ಲಿನ ಲೆಕ್ಕಕ್ಕೆ ಹೋಗಲೇ ಇಲ್ಲ. ವರದಿ ಇಲ್ಲವಾದ ವರ್ಷಕ್ಕೆ ಬದಲಾಗಿ ಆ ಐದು ವರ್ಷಕ್ಕೂ ಹಿಂದಿನ ವರ್ಷದ ವರದಿ ನೋಡುವ ಪದ್ಧತಿಯಿದೆ. ನನಗೆ 2017-18ರದ್ದು ತೆಗೆದರು, ಅದರಲ್ಲಿ 7.2 ಇತ್ತು. ಹಳೆಯ ವರ್ಷ ಕೆಟ್ಟದಾಗಿರುವವರು ಈ ದಾರಿ ಹಿಡಿಯುವ ಮೊದಲು ಅದನ್ನು ತೆಗೆದು ನೋಡಿಕೊಳ್ಳಬೇಕು, ಅಂಥವರಿಗೆ ಅಂಕದ ಪರಿಷ್ಕರಣೆಯೇ ಮೊದಲ ಕೋರಿಕೆಯಾಗಬೇಕು. ಫೆಬ್ರವರಿಯಲ್ಲಿ ಎಂಎಸಿಪಿ ಬಂದು ನನ್ನ ಮೂಲವೇತನ 33,300ರಿಂದ ಒಂದು ಇನ್‌ಕ್ರಿಮೆಂಟ್ ಸೇರಿ 34,300, ಅಲ್ಲಿಂದ ಲೆವೆಲ್ 5ರಲ್ಲಿ 34,900ಕ್ಕೆ ಕೂತಿತು. ತಿಂಗಳಿಗೆ 1,600, ಅದರ ಮೇಲೆ ಡಿಎ.

ತಿರಸ್ಕಾರವಾಗಿದ್ದರೆ ಮುಂದಿನ ಬಾಗಿಲು ಬೆಂಗಳೂರಿನ ಸಿಎಟಿ, ಅಂದರೆ ಕೇಂದ್ರ ಆಡಳಿತ ಟ್ರಿಬ್ಯೂನಲ್. ರಾಜ್ಯ ಸರ್ಕಾರಿ ನೌಕರರಿಗೆ ರಾಜ್ಯದ ಟ್ರಿಬ್ಯೂನಲ್ ಆದ ಕೆಎಸ್‌ಎಟಿ, ಅವರ ವರದಿಯ ನಿಯಮ, ನಮೂನೆ ಬೇರೆ. ಅಂತಿಮ ಆದೇಶದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಮನವಿಗೆ ಉತ್ತರವೇ ಬಾರದಿದ್ದರೆ ಆರು ತಿಂಗಳು ಕಾದು, ಅಲ್ಲಿಂದ ಒಂದು ವರ್ಷ. ಮತ್ತೆ ಮತ್ತೆ ಜ್ಞಾಪನಾ ಪತ್ರ ಬರೆದರೆ ಗಡುವು ಮುಂದೆ ಹೋಗುವುದಿಲ್ಲ. ಟ್ರಿಬ್ಯೂನಲ್ ಸಾಮಾನ್ಯವಾಗಿ ತಾನೇ ಕೂತು 5.6 ತೆಗೆದು 6.5 ಕೊಡುವುದಿಲ್ಲ. ನಿಯಮ ಮುರಿದಿದೆಯೇ, ಮನವಿಯ ಅಂಶಗಳಿಗೆ ಆದೇಶದಲ್ಲಿ ಉತ್ತರ ಇದೆಯೇ ಎಂದು ನೋಡುತ್ತದೆ. ‘ಪರಿಶೀಲಿಸಲಾಯಿತು, ತಿರಸ್ಕರಿಸಲಾಯಿತು’ ಎಂಬ ಒಂದು ಸಾಲಿನ ಆದೇಶ ಬಂದವರಿಗೆ, ವಿಚಿತ್ರವೆಂದರೂ, ಅಲ್ಲಿ ಒಳ್ಳೆಯ ಅವಕಾಶವಿದೆ. ಆದರೆ ಮನವಿಯಲ್ಲೇ ಇಲ್ಲದ ಅಂಶಕ್ಕೆ ಉತ್ತರ ಸಿಗಲಿಲ್ಲ ಎಂದು ಅಲ್ಲಿ ಹೇಳಲಾಗುವುದಿಲ್ಲ.