15°20′06″ ಅಂದರೆ 15.2006 ಅಲ್ಲ

ಹಂಪಿಯಲ್ಲಿ, ವಿರೂಪಾಕ್ಷ ದೇವಸ್ಥಾನದ ಹತ್ತಿರದ ಒಂದು ಜಾಗ ತಗೊಳ್ಳೋಣ. ಅಕ್ಷಾಂಶ 15°20′06″ N, ರೇಖಾಂಶ 76°27′36″ E. ಇದನ್ನು ಸ್ಪ್ರೆಡ್‌ಶೀಟಿಗೆ ಹಾಕುವಾಗ ಎಷ್ಟೋ ಜನ ಚಿಹ್ನೆಗಳನ್ನು ತೆಗೆದು 15.2006, 76.2736 ಎಂದು ಬರೆದುಬಿಡುತ್ತಾರೆ. ನೋಡೋಕೆ ಸರಿಯಾಗೇ ಇದೆ, ಅಲ್ವಾ? ಆದರೆ ಜಾಗ ಸುಮಾರು 25 ಕಿಲೋಮೀಟರ್ ನೈರುತ್ಯಕ್ಕೆ ಸರಿದಿರುತ್ತದೆ.

ಕಾರಣ ಸರಳ. ಗಡಿಯಾರದ ಹಾಗೆ ಇಲ್ಲಿಯೂ ಒಂದು ಡಿಗ್ರಿಗೆ 60 ನಿಮಿಷ, ಒಂದು ನಿಮಿಷಕ್ಕೆ 60 ಸೆಕೆಂಡ್. ಹಾಗಾಗಿ ನಿಮಿಷವನ್ನು 60ರಿಂದ, ಸೆಕೆಂಡನ್ನು 3600ರಿಂದ ಭಾಗಿಸಿ ಡಿಗ್ರಿಗೆ ಕೂಡಿಸಬೇಕು. 20 ನಿಮಿಷ ಅಂದರೆ 0.33333, 6 ಸೆಕೆಂಡ್ ಅಂದರೆ 0.00167. 15ಕ್ಕೆ ಎರಡನ್ನೂ ಸೇರಿಸಿದರೆ 15.335. ರೇಖಾಂಶವನ್ನೂ ಹೀಗೇ ಮಾಡಿದರೆ 76.46.

ಶೀಟಿನಲ್ಲಿ ಮೊದಲು ಬಿಡಿಬಿಡಿಯಾಗಿ ತುಂಬಿ. B ಕಾಲಂನಲ್ಲಿ ಡಿಗ್ರಿ, C ಯಲ್ಲಿ ನಿಮಿಷ, D ಯಲ್ಲಿ ಸೆಕೆಂಡ್, E ಯಲ್ಲಿ ದಿಕ್ಕಿನ ಅಕ್ಷರ. ಬರೀ ಅಂಕಿ ಹಾಕಿ. ° ಅಥವಾ ′ ಚಿಹ್ನೆ ಸೆಲ್‌ನಲ್ಲಿ ಉಳಿದರೆ `#VALUE!` ಬರುತ್ತದೆ. ಆಮೇಲೆ F2 ನಲ್ಲಿ ಈ ಫಾರ್ಮುಲಾ ಬರೆದು ಕೆಳಗಿನವರೆಗೂ ಎಳೆಯಿರಿ:

```
=IF(OR(E2="S",E2="W"),-1,1)*(B2+C2/60+D2/3600)
```

ರೇಖಾಂಶಕ್ಕೆ ಪಕ್ಕದಲ್ಲಿ ಇಂಥದೇ ಇನ್ನೂ ಐದು ಕಾಲಂ ಮಾಡಿ, ಫಾರ್ಮುಲಾದಲ್ಲಿ ಆ ಕಾಲಂಗಳ ಅಕ್ಷರ ಹಾಕಿ.

ಆವರಣವನ್ನು ಮಾತ್ರ ಬಿಡಬೇಡಿ. ನಮ್ಮ ದೇಶದ ಜಾಗಗಳೆಲ್ಲ N ಮತ್ತು E, ಆದ್ದರಿಂದ ಈ ತಪ್ಪು ಇಲ್ಲಿ ಕಣ್ಣಿಗೆ ಬೀಳುವುದೇ ಇಲ್ಲ. ಹೊರದೇಶದ ಜಾಗ ಬಂದಾಗ ಗೊತ್ತಾಗುತ್ತದೆ. ಬ್ರೆಜಿಲ್‌ನ ರಿಯೊದಲ್ಲಿರುವ ಏಸುವಿನ ದೊಡ್ಡ ಪ್ರತಿಮೆ 22°57′07″ S ನಲ್ಲಿದೆ. ದಕ್ಷಿಣ ಅಂತ ಸುಮ್ನೆ ಡಿಗ್ರಿಗೆ ಮಾತ್ರ ಮೈನಸ್ ಹಾಕಿ −22 ಕ್ಕೆ 57 ನಿಮಿಷ 7 ಸೆಕೆಂಡ್ ಕೂಡಿಸಿದರೆ −21.048 ಬರುತ್ತದೆ. ಸರಿಯಾದ ಉತ್ತರ −22.95194. ಪ್ರತಿಮೆ 200 ಕಿಲೋಮೀಟರಿಗಿಂತ ಜಾಸ್ತಿ ಉತ್ತರಕ್ಕೆ ಹೋಗಿಬಿಟ್ಟಿತು! ಮೈನಸ್ ಇಡೀ ಮೊತ್ತಕ್ಕೆ ಸೇರಬೇಕು.

ಉತ್ತರದಲ್ಲಿ ಬಿಂದುವಿನ ನಂತರ ಐದು ಅಂಕಿ ಸಾಕು. ಅಕ್ಷಾಂಶದ ಒಂದು ಸೆಕೆಂಡ್ ನೆಲದ ಮೇಲೆ ಸುಮಾರು 31 ಮೀಟರ್, ಐದನೇ ಅಂಕಿ ಸುಮಾರು ಒಂದು ಮೀಟರ್. ಅದಕ್ಕಿಂತ ಉದ್ದ ಬರೆದರೆ ಮೂಲದಲ್ಲಿ ಇಲ್ಲದ ನಿಖರತೆ ಬರುವುದಿಲ್ಲ.

ಬೇರೆಯವರು ಮಾಡಿದ ಶೀಟ್ ಕೈಗೆ ಬಂದರೆ ಬಿಂದುವಿನ ನಂತರದ ಮೊದಲ ಎರಡು ಅಂಕಿಗಳ ಮೇಲೆ ಕಣ್ಣಾಡಿಸಿ. ಬೇರೆ ಬೇರೆ ಊರುಗಳ ಉದ್ದನೆಯ ಪಟ್ಟಿಯಾದರೆ ಅಲ್ಲಿ 60, 78, 94 ಇಂಥವೂ ಸಿಗಬೇಕು. ಒಂದೂ 59 ದಾಟಿಲ್ಲ ಅಂದರೆ ಭಾಗಿಸದೆ ಬರೀ ಬಿಂದು ಇಟ್ಟಿದ್ದಾರೆ ಎಂದೇ ನಾನು ಅನುಮಾನಿಸುತ್ತೇನೆ. ಆಗ ಎರಡು ಮೂರು ಸಾಲುಗಳನ್ನು `15.335, 76.46` ಎಂಬಂತೆ, ಅಕ್ಷಾಂಶ ಮೊದಲು ಬರುವ ಹಾಗೆ, ಗೂಗಲ್ ಮ್ಯಾಪ್ಸ್‌ನ ಹುಡುಕುವ ಪಟ್ಟಿಗೆ ಹಾಕಿ ನೋಡಿ. ಪಿನ್ ಆಯಾ ಊರಿನಲ್ಲೇ, ಈ ಉದಾಹರಣೆಯಲ್ಲಾದರೆ ಹಂಪಿಯಲ್ಲಿ, ನಿಲ್ಲಬೇಕು.