ಚದರಡಿ ರೇಟ್ ಒಪ್ಪುವ ಮುಂಚೆ ದಿನಗೂಲಿಗೆ ಇಳಿಸಿ ನೋಡಿ

ಪ್ಲಾಸ್ಟರಿಂಗ್‌ಗೆ ಒಬ್ಬ ಮೇಸ್ತ್ರಿ ಚದರಡಿಗೆ 20 ಅಂದರು, ಇನ್ನೊಬ್ಬರು 67 ಅಂದರು. ನಾನು ಖುಷಿಯಿಂದ 20ಕ್ಕೆ ಒಪ್ಪಿದೆ. 120 ಚದರಡಿ ರೂಮು, 2400ಕ್ಕೆ ಮುಗೀತು ಅಂದುಕೊಂಡಿದ್ದೆ. ಬಿಲ್ ಬಂದದ್ದು 8060. ಅವರು ಅಳೆದದ್ದು ಗೋಡೆಯನ್ನು, 67 ಅಂದವರು ಅಳೆಯುತ್ತಿದ್ದದ್ದು ನೆಲವನ್ನು. ಎರಡೂ ಹೆಚ್ಚೂಕಡಿಮೆ ಒಂದೇ ದುಡ್ಡು!

ಮೊದಲು ಕೂಲಿ ಕೇಳಿ. ಮೇಸನ್‌ಗೆ ಎಷ್ಟು, ಹೆಲ್ಪರ್‌ಗೆ ಎಷ್ಟು, ಬಾರ್ ಬೆಂಡರ್‌ಗೆ ಎಷ್ಟು, ಬೇರೆಬೇರೆ ಬರೆದುಕೊಳ್ಳಿ.

ಆಮೇಲೆ ಅಳತೆ. ಎಲ್ಲರೂ ಎಡವುವುದು ಇಲ್ಲೇ. ರೂಮು 10 ಅಡಿಗೆ 12, ಎತ್ತರ 10 ಅಂದುಕೊಳ್ಳಿ. ಸುತ್ತಳತೆ 44, ಗೋಡೆ 440 ಚದರಡಿ. ಬಾಗಿಲು 21, ಕಿಟಕಿ 16 ಕಳೆದರೆ 403. ಛಾವಣಿಯನ್ನು ಇದರಲ್ಲಿ ಸೇರಿಸಬೇಡಿ, ತಲೆ ಮೇಲೆತ್ತಿ ಮಾಡುವ ಕೆಲಸ ನಿಧಾನ, ಅದಕ್ಕೆ ರೇಟ್ ಬೇರೆ. ಕಿಟಕಿ ಕಳೆಯುತ್ತೀರಾ, ಅದರ ಒಳಬದಿಗಳನ್ನು ಸೇರಿಸುತ್ತೀರಾ ಅಂತ ಮೊದಲೇ ಕೇಳಿ.

ಈಗ ಕೂಲಿಗೆ ಇಳಿಸಿ. ಪಳಗಿದ ಮೇಸನ್, ಒಬ್ಬ ಹೆಲ್ಪರ್, ಒಂದು ದಿನಕ್ಕೆ ಸುಮಾರು 100 ಚದರಡಿ ಗೋಡೆ ಮುಗಿಸುತ್ತಾರೆ. ಲೆಕ್ಕಕ್ಕೆ ಮೇಸನ್‌ಗೆ 1000, ಹೆಲ್ಪರ್‌ಗೆ 700 ಇಟ್ಟರೆ ಚದರಡಿಗೆ 17. ಸಾರ್ವೆ, ಸಲಕರಣೆ, ಮೇಸ್ತ್ರಿಯ ಲಾಭ ಸೇರಿ 20 ಆದರೆ ನ್ಯಾಯ. 14ಕ್ಕೆ ಮಾಡಿಕೊಡ್ತೀನಿ ಅಂದರೆ ನಂಬಬೇಡಿ. ಅರ್ಧ ಕಲಿತವನನ್ನು ಮೇಸನ್ ಅಂತ ನಿಲ್ಲಿಸುತ್ತಾರೆ, ಇಲ್ಲವೇ ಕೆಲಸವನ್ನು ಅವಸರದಲ್ಲಿ ಓಡಿಸುತ್ತಾರೆ.

ಮೇಸನ್ ಪಳಗಿದವನೋ ಅಂತ ತಿಳಿಯುವುದು ಸುಲಭ. ಗಾರೆ ಎರಚುವ ಮುಂಚೆ ತೂಗುಗುಂಡು ಬಿಟ್ಟು ಲೆವೆಲ್ ಗುರುತು ಹಾಕುತ್ತಾನಾ ನೋಡಿ. ಮುಗಿದ ಗೋಡೆಗೆ ಆರಡಿ ಅಲ್ಯೂಮಿನಿಯಂ ಪಟ್ಟಿ ಒತ್ತಿ, ಹಿಂದಿನಿಂದ ಟಾರ್ಚ್ ಹಿಡಿಯಿರಿ. ಬೆಳಕು ನುಸುಳಿದರೆ ಅಲ್ಲಿ ತಗ್ಗು. ಮೇಲೆ ಬರೀ ಸಿಮೆಂಟ್ ನೀರು ಬಳಿದು ನುಣುಪು ಮಾಡುವವರೂ ಇದ್ದಾರೆ. ಸುಮ್ನೆ ಚಂದ, ಆಮೇಲೆ ಕೂದಲೆಳೆ ಬಿರುಕು.

ಕಂಬಿ ಕೆಲಸಕ್ಕೆ ಮಾತ್ರ ಚದರಡಿ ಬೇಡವೇ ಬೇಡ, ಕೆಜಿ ಲೆಕ್ಕ ಕೇಳಿ. 12 ಎಂಎಂ ಕಂಬಿ ಮೀಟರ್‌ಗೆ ಸುಮಾರು 0.89 ಕೆಜಿ, 8 ಎಂಎಂ ಬರೀ 0.4. ಉದ್ದ ಕಂಬಿಗಳನ್ನು ಸುತ್ತುವ ರಿಂಗ್‌ಗೆ ಬಳಸುವುದು ಈ ಸಣ್ಣ ಕಂಬಿ, ಬಾಗಿಸಲು ಹೊತ್ತು ಜಾಸ್ತಿ, ತೂಕ ಕಡಿಮೆ. ಹಾಗಾಗಿ ಕೆಜಿ ರೇಟಿನಲ್ಲಿ ದಪ್ಪ ಕಂಬಿ ಬೇಗ ಮುಗಿದು, ರಿಂಗ್‌ಗಳ ನಡುವಿನ ಅಂತರ ಹಿಗ್ಗುತ್ತದೆ. ಕಾಂಕ್ರೀಟ್ ಸುರಿಯುವ ಮುಂಚೆ ಟೇಪ್ ಹಿಡಿದು ಡ್ರಾಯಿಂಗ್ ಜೊತೆ ತಾಳೆ ನೋಡಿ.

ಕೊನೆಗೆ ಒಂದು ಹಾಳೆಯಲ್ಲಿ ಬರೆಯಿರಿ: ಯಾವ ಅಳತೆ, ಸಾರ್ವೆ ಯಾರದು, ನೀರು ಹಾಕುವವರು ಯಾರು. ಹತ್ತನೇ ಒಂದು ಪಾಲು ದುಡ್ಡನ್ನು ಪ್ಲಾಸ್ಟರ್‌ಗೆ ಏಳು ದಿನ ನೀರು ಬಿದ್ದ ಮೇಲೇ ಕೊಡಿ.